ಗಂಟೆ ಹೊಡೆಯುವ ಮುನ್ನವೇ ಆ ಹುಡುಗ ಓಡಿದ್ದೇಕೆ?

ಮೂರನೇ ತರಗತಿಯ ಹುಡುಗ. ಅವನನ್ನು ಕಿರಣ ಎಂದು ಕರೆಯೋಣ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಆಟಿಸಂ ಇರುವ ಹಲವು ಮಕ್ಕಳಲ್ಲಿ ಕಾಣುವುದನ್ನು ಒಟ್ಟುಗೂಡಿಸಿ, ವಿಶೇಷ ಶಿಕ್ಷಣ ಓದುತ್ತಿರುವವರ ಅಭ್ಯಾಸಕ್ಕೆಂದು ಹೆಣೆದ ಮಾದರಿ ಪ್ರಕರಣ ಇವನದು. ಕಿರಣನಿಗೆ ಓದಲು ಬರುತ್ತದೆ, ಕೂಡುವ ಕಳೆಯುವ ಲೆಕ್ಕ ಚೆನ್ನಾಗಿ ಬರುತ್ತದೆ. ಮಾತು ಕಡಿಮೆ, ಕೇಳಿದ ವಾಕ್ಯವನ್ನೇ ತಿರುಗಿ ಹೇಳುವುದು ಹೆಚ್ಚು. ಬೆಳಿಗ್ಗೆಯೆಲ್ಲ ತನ್ನ ಪಾಡಿಗೆ ಕೆಲಸ ಮಾಡುವವನು ಮಧ್ಯಾಹ್ನದ ಬಿಸಿಯೂಟಕ್ಕೆ ಕೆಲವು ನಿಮಿಷ ಇದ್ದಾಗ ಏಕಾಏಕಿ ಎದ್ದು, ಕೈ ಕಚ್ಚಿಕೊಂಡು, ಕಿರುಚಿ, ಬಾಗಿಲು ದಾಟಿ ಓಡುತ್ತಾನೆ. ಹಿಡಿದು ತಂದರೆ ಕೂಗು ಇನ್ನೂ ಜೋರಾಗುತ್ತದೆ. ಆ ಹೊತ್ತಿಗೆ ತರಗತಿಯಲ್ಲಿ ಗಣಿತ ನಡೆಯುತ್ತಿರುವುದರಿಂದ ಟೀಚರ್ ಹೇಳುವುದು ಒಂದೇ ಮಾತು: "ಲೆಕ್ಕ ಅಂದ್ರೆ ಇವನಿಗೆ ಆಗಲ್ಲ ಮೇಡಂ, ತಪ್ಪಿಸಿಕೊಳ್ಳೋಕೆ ಹಿಂಗೆ ಮಾಡ್ತಾನೆ."

ಬಿಐಇಆರ್‌ಟಿ ಆಗಿಯೋ, ಶಾಲೆಯ ವಿಶೇಷ ಶಿಕ್ಷಕರಾಗಿಯೋ ನಾಳೆ ನೀವು ಒಂದು ಶಾಲೆಗೆ ಕಾಲಿಟ್ಟಾಗ ಮೊದಲು ಎದುರಾಗುವುದು ಇಂಥ ತೀರ್ಪುಗಳೇ. ಹಠ, ಸೋಮಾರಿತನ, ಮುದ್ದು ಹೆಚ್ಚಾಯಿತು, ಅಪ್ಪ ಅಮ್ಮ ಶಿಸ್ತು ಕಲಿಸಿಲ್ಲ. ಈ ಲೇಖನ ಹೇಳಹೊರಟಿರುವುದು ಇಷ್ಟು: ಆಟಿಸಂ ಇರುವ ಮಗುವಿನ ವರ್ತನೆಗೆ ಹೆಸರಿಡುವ ಮೊದಲು ಎರಡು ಪ್ರಶ್ನೆ ಕೇಳಿ. ಆ ಕ್ಷಣದಲ್ಲಿ ಅದರ ಮೈಗೆ ಏನು ತಾಗುತ್ತಿತ್ತು? ಮುಂದೆ ಏನಾಗುತ್ತದೆ ಎಂಬುದು ಅದಕ್ಕೆ ಗೊತ್ತಿತ್ತೆ? ಹೊರಗಿನಿಂದ ನೋಡಿದರೆ ಈ ಎರಡೂ ಒಂದೇ ಥರದ ಅಳುವಾಗಿ ಕಾಣುತ್ತವೆ. ಪರಿಹಾರ ಮಾತ್ರ ಬೇರೆ ಬೇರೆ.

ಹಳೆಯ ಗಮನ, ತಡವಾದ ಮನ್ನಣೆ

ಈ ಎರಡು ಸಂಗತಿಗಳು ಹೊಸದಾಗಿ ಕಂಡುಹಿಡಿದವಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಪ್ರಬಂಧದಿಂದ ಆಟಿಸಂ ವೈದ್ಯಲೋಕದ ಚರ್ಚೆಗೆ ಬಂತು. ಆ ಮಕ್ಕಳು ಜೋರು ಸದ್ದಿಗೆ ಬೆಚ್ಚಿಬೀಳುವುದನ್ನೂ, ಎಲ್ಲವೂ ನಿನ್ನೆ ಇದ್ದಂತೆಯೇ ಇರಬೇಕೆಂದು ಬಯಸುವುದನ್ನೂ ಕ್ಯಾನರ್ ಆಗಲೇ ಗುರುತಿಸಿದ್ದರು. ಬದಲಾವಣೆಗೆ ಒಗ್ಗದಿರುವುದನ್ನು ವೈದ್ಯರು ಅಂದಿನಿಂದಲೂ ಮುಖ್ಯ ಲಕ್ಷಣವಾಗಿ ಎಣಿಸಿದರು. ಇಂದ್ರಿಯಗಳ ಸಂಗತಿ ಮಾತ್ರ ಬಹುಕಾಲ ಬದಿಯಲ್ಲೇ ಉಳಿಯಿತು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಐದನೇ ಆವೃತ್ತಿ 2013ರಲ್ಲಿ ಬಂದಾಗ, ಸದ್ದು, ಬೆಳಕು, ವಾಸನೆ, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ಪ್ರತಿಕ್ರಿಯಿಸುವುದು ಆಟಿಸಂ ಗುರುತಿಸುವ ಲಕ್ಷಣಗಳ ಪಟ್ಟಿಯೊಳಗೆ ಸೇರಿತು.

ಅತಿ ಮತ್ತು ಕಡಿಮೆ ಎಂಬ ಈ ಎರಡು ಮಾತುಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಮೆರಿಕದ ಆಕ್ಯುಪೇಶನಲ್ ಥೆರಪಿಸ್ಟ್ ವಿನ್ನಿ ಡನ್ 1997ರಲ್ಲಿ ಮುಂದಿಟ್ಟ ಮಾದರಿ ಇಲ್ಲಿ ಸಹಾಯಕ್ಕೆ ಬರುತ್ತದೆ. ಒಂದು ಅನುಭವ ಮಿದುಳಿನ ಗಮನಕ್ಕೆ ಬರಲು ಎಷ್ಟು ಪ್ರಚೋದನೆ ಬೇಕು ಎಂಬುದು ಮಗುವಿನಿಂದ ಮಗುವಿಗೆ ಬೇರೆ. ಬೇಗ ತಟ್ಟುವ ಮಕ್ಕಳಲ್ಲಿ ಕೆಲವರು ಎದ್ದು ದೂರ ಹೋಗುತ್ತಾರೆ, ಕೆಲವರು ಕೂತಲ್ಲೇ ಸಹಿಸುತ್ತಾ ಸಿಡುಕುತ್ತಾರೆ. ತಡವಾಗಿ ತಟ್ಟುವವರಲ್ಲಿ ಕೆಲವರು ಕುಣಿದು, ಸುತ್ತಿ, ಅಂಗಿಯ ಕಾಲರ್ ಕಚ್ಚಿ ಪ್ರಚೋದನೆಯನ್ನು ತಾವೇ ಹುಡುಕಿಕೊಳ್ಳುತ್ತಾರೆ. ಇನ್ನು ಕೆಲವರು ಹೆಸರು ಕೂಗಿದರೂ ಕೇಳಿಸದವರಂತೆ ಸುಮ್ಮನಿರುತ್ತಾರೆ. ಒಂದೇ ಮಗು ಕಿವಿಯ ವಿಷಯದಲ್ಲಿ ಒಂದು ಗುಂಪಿಗೆ, ಸ್ಪರ್ಶದ ವಿಷಯದಲ್ಲಿ ಇನ್ನೊಂದು ಗುಂಪಿಗೆ ಸೇರಬಹುದು. ಆದ್ದರಿಂದ "ಇವನು ಸದ್ದಿಗೆ ಹೆದರುವ ಮಗು" ಎಂದು ಬರೆದುಬಿಟ್ಟರೆ ಅರ್ಧ ಮಾತ್ರ ಬರೆದ ಹಾಗೆ. ಯಾವ ಸದ್ದು, ಎಷ್ಟು ಹತ್ತಿರದಿಂದ, ದಿನದ ಯಾವ ಹೊತ್ತಿನಲ್ಲಿ, ಅದಕ್ಕೆ ಮೊದಲೇ ಏನೇನು ತಾಗಿತ್ತು ಎಂದು ಬರೆದರೆ ಉಪಯೋಗಕ್ಕೆ ಬರುತ್ತದೆ.

ಕಿರಣನ ತಾಯಿಯನ್ನು ಕೇಳಿದಾಗ ಸಿಕ್ಕ ಉತ್ತರ ಅಂಥದ್ದು. "ಮಿಕ್ಸಿ ಹಾಕಿದ್ರೆ ಹಿತ್ತಲಿಗೆ ಓಡ್ತಾನೆ ಮೇಡಂ, ಕುಕ್ಕರ್ ಸೀಟಿಗೂ ಹಂಗೇ. ಆದ್ರೆ ತಾನೇ ತಟ್ಟೆ ಬಡಿಯೋದು ಅಂದ್ರೆ ಭಾಳ ಖುಷಿ." ಕೊನೆಯ ವಾಕ್ಯವನ್ನು ಎಷ್ಟೋ ಜನ, "ಹಾಗಾದರೆ ಸದ್ದಿನ ತೊಂದರೆ ಇಲ್ಲ, ಇದು ನಾಟಕ" ಎಂದು ಓದುತ್ತಾರೆ. ಹಾಗಲ್ಲ. ತಾನೇ ಮಾಡುವ ಸದ್ದು ಯಾವಾಗ ಬರುತ್ತದೆ, ಎಷ್ಟು ಜೋರಾಗಿರುತ್ತದೆ ಎಂಬುದು ಮಿದುಳಿಗೆ ಮೊದಲೇ ಗೊತ್ತಿರುತ್ತದೆ. ಅದು ಅಷ್ಟಾಗಿ ಬೆಚ್ಚಿಸುವುದಿಲ್ಲ. ಬೇರೆಯವರು ಮಾಡುವ ಸದ್ದಿಗೆ ಆ ಮುನ್ಸೂಚನೆ ಇಲ್ಲ. ಇಂದ್ರಿಯದ ಸಂಗತಿ ಮತ್ತು ಮುಂದೇನೆಂದು ತಿಳಿಯುವ ಸಂಗತಿ ಒಂದಕ್ಕೊಂದು ಹೆಣೆದುಕೊಂಡಿರುವುದು ಇಲ್ಲಿಯೇ.

ದಾಖಲೆ ಹೇಳಿದ್ದು

ವರ್ತನೆಯ ಕಾರಣ ಹುಡುಕಲು ವಿಶೇಷ ಶಿಕ್ಷಕರ ಕೈಯಲ್ಲಿರುವ ಸಾಧನ ಸರಳ. ಒಂದು ನೋಟ್‌ಬುಕ್, ಅದರಲ್ಲಿ ಮೂರು ಕಾಲಂ: ಮೊದಲು ಏನಾಗಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಎಬಿಸಿ ದಾಖಲೆ ಎಂದು ನೀವು ಪಠ್ಯದಲ್ಲಿ ಓದಿರುವುದು ಇದನ್ನೇ. ಬರೆಯುವಾಗ ಒಂದೇ ನಿಯಮ: ಕಂಡದ್ದು, ಕೇಳಿದ್ದು ಮಾತ್ರ ಬರೆಯಬೇಕು. "ಹಠ ಮಾಡಿದ" ಎಂಬುದು ಅಭಿಪ್ರಾಯ. "ಎರಡೂ ಕಿವಿ ಮುಚ್ಚಿಕೊಂಡ" ಎಂಬುದು ದಾಖಲೆ.

ಕಿರಣನ ಪುಸ್ತಕದ ಒಂದು ಸೋಮವಾರದ ಸಾಲು ಹೀಗಿದೆ: "12.27. ಮೊದಲು: ಕಳೆಯುವ ಲೆಕ್ಕದ ಕಾರ್ಡ್ ಬಿಡಿಸುತ್ತಿದ್ದ, 4ರಲ್ಲಿ 3 ಸರಿ. ಏಳನೇ ತರಗತಿಯ ಹುಡುಗ ಸುತ್ತಿಗೆ ಹಿಡಿದು ಕಿಟಕಿಯ ಮುಂದೆ ಹಾದುಹೋದ. ಕಿರಣ: ಕಿಟಕಿ ನೋಡಿದ, ಕಿವಿ ಮುಚ್ಚಿದ, ಕೈ ಕಚ್ಚಿಕೊಂಡ, ಓಡಿದ. ಆಮೇಲೆ: ಗಂಟೆ ಹೊಡೆಯಿತು. ಹಿಡಿದು ತಂದರು. ಶಾಂತವಾಗಲು ಸುಮಾರು 20 ನಿಮಿಷ. ಊಟ ಮಾಡಲಿಲ್ಲ."

ಆ ಶಾಲೆಯ ಗಂಟೆ ಎಂದರೆ ತೂಗುಹಾಕಿದ ಒಂದು ತುಂಡು ರೈಲು ಕಂಬಿ. ಅದು ಇರುವುದು ಮೂರನೇ ತರಗತಿಯ ಕಿಟಕಿಯ ಹೊರಗೆ, ಜಗಲಿಯ ತೊಲೆಯಲ್ಲಿ. "ಗಂಟೆ ಹೊಡೆಯೋಕೆ ಮುಂಚೇನೇ ಓಡ್ತಾನಲ್ಲ, ಅದು ಹೇಗೆ ಕಾರಣ ಆಗುತ್ತೆ?" ಎಂದು ಟೀಚರ್ ಕೇಳಿದ್ದು ಸಹಜವೇ. ಉತ್ತರ ಆ ಸುತ್ತಿಗೆಯಲ್ಲಿದೆ. ಸುತ್ತಿಗೆ ಕಂಡರೆ ಸದ್ದು ಬರುತ್ತದೆ ಎಂದು ಅವನು ಎಂದೋ ಕಲಿತಿದ್ದಾನೆ. ಅವನು ಓಡುತ್ತಿರುವುದು ಬರಲಿರುವ ನೋವಿನಿಂದ.

ಆದರೆ ಅದೇ ಪುಸ್ತಕದಲ್ಲಿ ಗಂಟೆಗೆ ಸಂಬಂಧವೇ ಇಲ್ಲದ ಸಾಲುಗಳೂ ಇದ್ದವು. ಒಂದು ಗುರುವಾರ ಟೀಚರ್ ಸಿಆರ್‌ಸಿ ಸಭೆಗೆ ಹೋಗಿದ್ದರು. ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ನಾಲ್ಕನೇ ತರಗತಿಯ ಜೊತೆ ಕೂರಿಸಿ ಮೊದಲು ಗಣಿತ ಶುರುಮಾಡಿದರು. ಕಿರಣ "ಕನ್ನಡ ಆದ್ಮೇಲೆ ಗಣಿತ, ಕನ್ನಡ ಆದ್ಮೇಲೆ ಗಣಿತ" ಎಂದು ಹೇಳುತ್ತಲೇ ಹೋಗಿ, ಕೊನೆಗೆ ಕೈ ಕಚ್ಚಿಕೊಂಡು ಅತ್ತ. ಆಗ ಅವನು ಕಿವಿ ಮುಚ್ಚಲಿಲ್ಲ, ಬಾಗಿಲ ಕಡೆ ಓಡಲೂ ಇಲ್ಲ. ಕನ್ನಡದ ಪುಸ್ತಕ ತೆಗೆದ ಮೇಲೆ ಸಮಾಧಾನವಾದ.

ಕೈ ಕಚ್ಚುವುದು ಎರಡೂ ಕಡೆ ಒಂದೇ. ಸುತ್ತಲಿನ ಗುರುತುಗಳು ಮಾತ್ರ ಬೇರೆ. ಇಂದ್ರಿಯಕ್ಕೆ ತಾಗಿದಾಗ ಮಗು ಮೈಯನ್ನು ಕಾಪಾಡಿಕೊಳ್ಳುತ್ತದೆ. ಕಿವಿ ಮುಚ್ಚುತ್ತದೆ, ಕಣ್ಣು ಕಿರಿದು ಮಾಡುತ್ತದೆ, ದೂರ ಸರಿಯುತ್ತದೆ. ಆ ಪ್ರಚೋದನೆ ಇದ್ದಲ್ಲೆಲ್ಲ, ಪಾಠ ಯಾವುದೇ ಇರಲಿ, ಅದು ಮರುಕಳಿಸುತ್ತದೆ. ಕ್ರಮ ತಪ್ಪಿದಾಗ ಮಗು ಹಳೆಯ ಕ್ರಮವನ್ನು ಹುಡುಕುತ್ತದೆ. ಒಂದೇ ಪ್ರಶ್ನೆ ಪದೇ ಪದೇ ಕೇಳುತ್ತದೆ, ಹಿಂದಿನ ಜಾಗಕ್ಕೆ ಹೋಗುತ್ತದೆ, ಕ್ರಮ ಸರಿಯಾದರೆ ಶಾಂತವಾಗುತ್ತದೆ.

ಊಹೆ ಸರಿಯೇ ಎಂದು ಪರೀಕ್ಷಿಸಿದ ಮೇಲಷ್ಟೇ ಅದನ್ನು ಕಾರಣವೆನ್ನಬಹುದು. ಮೂರು ದಿನ ಊಟಕ್ಕೆ ಕಂಬಿ ಬಡಿಯದೆ, ಹೆಡ್‌ಮಾಸ್ಟರು ಜಗಲಿಯಲ್ಲಿ ನಡೆದುಬಂದು ಬಾಯಿಮಾತಲ್ಲಿ ಹೇಳಿದರು. ಲೆಕ್ಕ ಅದೇ, ಹೊತ್ತು ಅದೇ, ಕೋಣೆ ಅದೇ. ಬದಲಾಗಿದ್ದು ಗಂಟೆ ಮಾತ್ರ. ಲೆಕ್ಕದಿಂದ ತಪ್ಪಿಸಿಕೊಳ್ಳುವುದೇ ಕಾರಣವಾಗಿದ್ದರೆ ಅವನು ಓಡಬೇಕಿತ್ತು. ಮೂರು ದಿನವೂ ಓಡಲಿಲ್ಲ. ನಾಲ್ಕನೇ ದಿನ ಗಂಟೆ ಮತ್ತೆ ಹೊಡೆದಾಗ ಓಡಿದ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿದ್ದರಿಂದ ಇಷ್ಟು ಸ್ಪಷ್ಟ ಉತ್ತರ ಸಿಕ್ಕಿತು. ಜಾಗ, ಗಂಟೆ, ಲೆಕ್ಕ ಮೂರನ್ನೂ ಒಟ್ಟಿಗೆ ಬದಲಿಸಿದ್ದರೆ ಯಾವುದು ಫಲ ಕೊಟ್ಟಿತು ಎಂಬುದೇ ತಿಳಿಯುತ್ತಿರಲಿಲ್ಲ.

ಕೋಣೆಯನ್ನು ಮಗುವಿನ ಜಾಗದಲ್ಲಿ ಕೂತು ನೋಡಿ

ನಮ್ಮ ಒಂದರಿಂದ ಮೂರನೇ ತರಗತಿಯವರೆಗಿನ ನಲಿಕಲಿ ಕೋಣೆ ಆಟಿಸಂ ಇರುವ ಮಗುವಿಗೆ ಒಂದೇ ಹೊತ್ತಿಗೆ ಅನುಕೂಲವೂ ಹೌದು, ಕಷ್ಟವೂ ಹೌದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಕಲಿಕಾ ಏಣಿ ಇದೆ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ. ಮಗು ತನ್ನ ಮೆಟ್ಟಿಲನ್ನು ತಾನೇ ನೋಡಿ, ಕಾರ್ಡ್ ತೆಗೆದು, ತನ್ನ ವೇಗದಲ್ಲಿ ಮುಂದೆ ಹೋಗುತ್ತದೆ. ಈಗ ಎಲ್ಲಿದ್ದೇನೆ, ಮುಂದೆ ಏನು ಎಂಬುದು ಕಣ್ಣಿಗೆ ಕಾಣುತ್ತದೆ. ಆಟಿಸಂ ಇರುವ ಮಗುವಿಗೆ ಬೇಕಾದದ್ದು ಇದೇ. ಕಿರಣ ಬೆಳಿಗ್ಗೆಯೆಲ್ಲ ನೆಮ್ಮದಿಯಿಂದ ಇರುತ್ತಿದ್ದುದಕ್ಕೆ ಈ ಏಣಿಯೂ ಒಂದು ಕಾರಣ.

ಅದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತ ಮಕ್ಕಳು ಒಟ್ಟಿಗೆ ಮಾತಾಡುತ್ತಾರೆ, ಹಾಡುತ್ತಾರೆ. ಗೋಡೆ ತುಂಬ ಚಾರ್ಟು, ತಲೆಯ ಮೇಲೆ ಹಗ್ಗದಲ್ಲಿ ಮಕ್ಕಳ ಚಿತ್ರಗಳು ಫ್ಯಾನ್ ಗಾಳಿಗೆ ಅಲ್ಲಾಡುತ್ತವೆ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಜ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಸಣ್ಣಗೆ ಗುಂಯ್‌ಗುಡುತ್ತದೆ. ನಮ್ಮಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಇದು ಕೆಲವು ಮಕ್ಕಳನ್ನು ಇಡೀ ದಿನ ಕಾಡಬಹುದು. ಇವುಗಳಲ್ಲಿ ಯಾವುದೂ ಒಂಟಿಯಾಗಿ ಮಗುವನ್ನು ಅಳಿಸದೆ ಇರಬಹುದು. ಆದರೆ ಇವೆಲ್ಲ ಬೆಳಿಗ್ಗೆಯಿಂದ ಕೂಡುತ್ತಾ ಬರುತ್ತವೆ. ಬೆಳಿಗ್ಗೆ 10.30ರ ಗಂಟೆಯನ್ನು ಸಹಿಸಿದ ಮಗು 12.30ರ ಗಂಟೆಗೆ ಕುಸಿಯುವುದಕ್ಕೆ ಇದೇ ಕಾರಣ. "ಬೆಳಿಗ್ಗೆ ಸುಮ್ಮನಿದ್ದವನಿಗೆ ಈಗೇನಾಯ್ತು" ಎಂಬ ಪ್ರಶ್ನೆಗೂ ಇದೇ ಉತ್ತರ.

ಆದ್ದರಿಂದ ಮಗು ಕೂರುವ ಜಾಗದಲ್ಲೇ, ಅದರ ಎತ್ತರಕ್ಕೆ ನೀವು ಸ್ವಲ್ಪ ಹೊತ್ತು ಕೂತು ನೋಡಿ. ಕಿರಣನ ಜಾಗ ಕಿಟಕಿಯ ಪಕ್ಕ, ಬಾಗಿಲಿಗೆ ಬೆನ್ನು ಮಾಡಿ ಇತ್ತು. ಹಿಂದಿನಿಂದ ಯಾರು ಬರುತ್ತಾರೆ ಎಂದು ತಿಳಿಯದ ಜಾಗ ಅದು. ಅವನನ್ನು ಎದುರು ಮೂಲೆಗೆ, ಬೆನ್ನಿಗೆ ಗೋಡೆ ಬರುವಂತೆ, ಏಣಿ ಕಣ್ಣೆದುರು ಇರುವಂತೆ ಕೂರಿಸಿದರು. ಆ ಮೂಲೆಯ ಗೋಡೆಯ ಚಾರ್ಟುಗಳನ್ನಷ್ಟೇ ತೆಗೆದರು. ಕಂಬಿಯನ್ನು ಜಗಲಿಯ ಇನ್ನೊಂದು ತುದಿಗೆ, ಹೆಡ್‌ಮಾಸ್ಟರ್ ಕೋಣೆಯ ಬಳಿಗೆ ಸರಿಸಿದರು. ಖರ್ಚಾದದ್ದು ಒಂದು ಹಗ್ಗ.

ಗಂಟೆಯನ್ನು ಪೂರ್ತಿ ನಿಲ್ಲಿಸಲಿಲ್ಲ, ನಿಲ್ಲಿಸಬೇಕಾಗಿಯೂ ಇಲ್ಲ. ಊಟಕ್ಕೆ ಐದು ನಿಮಿಷ ಇರುವಾಗ ಟೀಚರ್ ಅವನ ಮುಂದೆ ಗಂಟೆಯ ಚಿತ್ರದ ಕಾರ್ಡ್ ಇಡುತ್ತಾರೆ. ಅವನು ಲೆಕ್ಕ ಮುಗಿಸಿ, ಊಟದ ತಟ್ಟೆ ಹಿಡಿದು ಒಬ್ಬ ಗೆಳೆಯನ ಜೊತೆ ಕೈ ತೊಳೆಯುವ ಜಾಗಕ್ಕೆ ಹೋಗುತ್ತಾನೆ. ಗಂಟೆ ಹೊಡೆಯುವ ಹೊತ್ತಿಗೆ ಅವನು ದೂರದಲ್ಲಿ, ಕೈಯಲ್ಲಿ ಕೆಲಸ ಇಟ್ಟುಕೊಂಡು ಇರುತ್ತಾನೆ. ಕೆಲವು ವಾರಗಳ ನಂತರ, ಅವನಿಗೆ ಇಷ್ಟವಿದ್ದ ದಿನ, ಸುತ್ತಿಗೆಯನ್ನು ಅವನ ಕೈಗೇ ಕೊಟ್ಟರು. ತಟ್ಟೆ ಬಡಿಯುವ ಹುಡುಗ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಹೊಡೆದ. ಇದು ಎಲ್ಲ ಮಕ್ಕಳಿಗೂ ಒಪ್ಪುವ ಉಪಾಯವಲ್ಲ. ಒತ್ತಾಯದಿಂದ ಮಾಡಿಸಿದರಂತೂ ತಿರುಗುಬಾಣವಾಗುತ್ತದೆ.

ಸದ್ದು ತಡೆಯುವ ಹೆಡ್‌ಫೋನ್ ಬಗ್ಗೆ ತಂದೆತಾಯಿ ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ಪ್ರಾರ್ಥನೆ, ಬ್ಯಾಂಡ್ ಸೆಟ್, ಧ್ವನಿವರ್ಧಕ ಇರುವ ಹೊತ್ತಿಗೆ ಅದು ಒಳ್ಳೆಯ ಸಾಧನ. ಇಡೀ ದಿನ ಹಾಕಿಕೊಂಡರೆ ಟೀಚರ್ ಮಾತು, ಗೆಳೆಯರ ಮಾತು ಎರಡೂ ದೂರವಾಗುತ್ತವೆ, ಸಾಧಾರಣ ಸದ್ದೂ ಅಸಹನೀಯ ಎನಿಸತೊಡಗಬಹುದು. ಭಾರದ ಜಾಕೆಟ್‌ಗಳನ್ನೂ ಮಾರುವವರಿದ್ದಾರೆ. ತರಗತಿಯಲ್ಲಿ ಅವು ಗಮನ ಹೆಚ್ಚಿಸುತ್ತವೆ ಎಂಬುದಕ್ಕೆ ಸಂಶೋಧನೆಯ ಆಧಾರ ದುರ್ಬಲ. ಅದಕ್ಕೆ ಹಣ ಹಾಕುವ ಮೊದಲು ಗಂಟೆಯ ಜಾಗ ಬದಲಿಸಿ ನೋಡಿ.

ಪ್ರಚೋದನೆ ಹುಡುಕುವ ಮಕ್ಕಳಿಗೆ ಬೇಕಾದದ್ದು ಇದರ ತಿರುವುಮುರುವು. ಕೂತಲ್ಲಿ ತೂಗಾಡುವುದು, ಕೈ ಬೀಸುವುದು ಹೆಚ್ಚಿನ ಮಕ್ಕಳಿಗೆ ತಮ್ಮನ್ನು ತಾವು ಸಂಭಾಳಿಸಿಕೊಳ್ಳುವ ದಾರಿ. ಯಾರಿಗೂ ಪೆಟ್ಟಾಗದಿದ್ದರೆ ಅದನ್ನು ತಡೆಯಬಾರದು. ಪುಸ್ತಕಗಳ ಕಟ್ಟು ಹೊತ್ತು ತರುವುದು, ಬೋರ್ಡ್ ಒರೆಸುವುದು, ಡೆಸ್ಕ್ ತಳ್ಳುವುದು, ಗಿಡಗಳಿಗೆ ನೀರು ಹೊರುವುದು, ಇಂಥ ಮೈಗೆ ಭಾರ ಕೊಡುವ ಕೆಲಸವನ್ನು ಕಷ್ಟದ ಪಾಠಕ್ಕೆ ಮೊದಲು ಕೊಟ್ಟು ನೋಡಿ. ಮಗು ಕುಣಿದು ಸುಸ್ತಾದ ಮೇಲೆ ಕೊಡುವುದಲ್ಲ.

ದಿನವನ್ನು ಕಣ್ಣಿಗೆ ಕಾಣಿಸುವುದು

ಈಗ ಗುರುವಾರದ ಅಳುವಿಗೆ ಬರೋಣ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಬೆಳೆಸಿದ ಟೀಚ್ ಪದ್ಧತಿ ಜಗತ್ತಿಗೆ ಕಲಿಸಿದ ಮುಖ್ಯ ಪಾಠ ಇದು: ಮಾತು ಗಾಳಿಯಲ್ಲಿ ಹೋಗುತ್ತದೆ, ಚಿತ್ರ ಉಳಿಯುತ್ತದೆ. ಆದ್ದರಿಂದ ದಿನದ ಕ್ರಮವನ್ನು ಹೇಳಿದರೆ ಸಾಲದು, ಕಣ್ಣಿಗೆ ಕಾಣುವಂತೆ ಇಡಬೇಕು.

ದಿನಚರಿ ಪಟ್ಟಿ ಮಾಡುವುದು ಹೀಗೆ. ಒಂದು ಉದ್ದನೆಯ ರಟ್ಟು, ಅದರ ಮೇಲೆ ಮೇಲಿನಿಂದ ಕೆಳಕ್ಕೆ ಅಂಟಿಸಿ ತೆಗೆಯಬಹುದಾದ ಕಾರ್ಡುಗಳು. ಪಕ್ಕದಲ್ಲಿ 'ಮುಗಿಯಿತು' ಎಂದು ಬರೆದ ಲಕೋಟೆ. ಪ್ರಾರ್ಥನೆ, ಹಾಲು, ಕನ್ನಡ, ಗಣಿತ, ಊಟ, ಪರಿಸರ, ಆಟ, ಮನೆ. ಒಂದು ಕೆಲಸ ಮುಗಿದಾಗ ಮಗು ಆ ಕಾರ್ಡನ್ನು ತಾನೇ ಕಿತ್ತು ಲಕೋಟೆಗೆ ಹಾಕಿ, ಮುಂದಿನದನ್ನು ನೋಡುತ್ತದೆ. ಆರಂಭದಲ್ಲಿ ಇಡೀ ದಿನ ಬೇಡ, ಎರಡು ಕಾರ್ಡ್ ಸಾಕು: ಮೊದಲು ಇದು, ಆಮೇಲೆ ಅದು. ಅದು ರೂಢಿಯಾದಂತೆ ಮೂರು, ನಾಲ್ಕು, ಅರ್ಧ ದಿನ, ಪೂರ್ತಿ ದಿನ.

ಕಾರ್ಡಿನಲ್ಲಿ ಏನಿರಬೇಕು ಎಂಬುದಕ್ಕೆ ಮಗುವೇ ಉತ್ತರ. ಚಿತ್ರವನ್ನೂ ಗುರುತಿಸದ ಮಗುವಿಗೆ ನಿಜವಾದ ವಸ್ತು ಕೊಡಿ. ಊಟಕ್ಕೆ ಒಂದು ಲೋಟ, ಆಟಕ್ಕೆ ಒಂದು ಚೆಂಡು. ಅದಕ್ಕೂ ಮುಂದಿನವರಿಗೆ ಆ ಶಾಲೆಯದೇ ಫೋಟೊ, ಆಮೇಲೆ ರೇಖಾಚಿತ್ರ, ಕೊನೆಗೆ ಬರೆದ ಪದ. ಕಿರಣನಿಗೆ ಓದಲು ಬರುತ್ತಿದ್ದುದರಿಂದ ಚಿತ್ರ ಮತ್ತು ಪದ ಎರಡನ್ನೂ ಇಟ್ಟರು. ಓದಬಲ್ಲ ಮಗುವಿಗೆ ಪಟ್ಟಿ ಬೇಡ ಎಂದು ಭಾವಿಸುವುದು ತಪ್ಪು. ಶಾಂತವಾಗಿದ್ದಾಗ ಪದ ಓದುವ ಮಗುವಿಗೆ ಗಾಬರಿಯಲ್ಲಿ ಚಿತ್ರವೇ ಬೇಗ ತಲುಪುತ್ತದೆ.

ಪಟ್ಟಿ ಕೆಟ್ಟುಹೋಗುವ ಬಗೆಗಳೂ ಗೊತ್ತಿರಬೇಕು. ಗೋಡೆಗೆ ಅಂಟಿಸಿ ಯಾರೂ ನೋಡದೆ ಬಿಟ್ಟರೆ ಅದು ಇನ್ನೊಂದು ಚಾರ್ಟ್ ಅಷ್ಟೆ. ಕಾರ್ಡನ್ನು ಟೀಚರೇ ಕಿತ್ತರೆ ಮಗು ಕಲಿಯುವುದಿಲ್ಲ. ಪಟ್ಟಿಯಲ್ಲಿ ಆಟ ಇದ್ದು, "ಲೆಕ್ಕ ಮುಗಿಸದಿದ್ದರೆ ಆಟ ಇಲ್ಲ" ಎಂದು ಕಾರ್ಡ್ ಕಿತ್ತುಕೊಂಡರೆ ಪಟ್ಟಿಯ ಮೇಲಿನ ನಂಬಿಕೆಯೇ ಹೋಗುತ್ತದೆ. ದಿನಚರಿ ಪಟ್ಟಿ ಬಹುಮಾನವೂ ಅಲ್ಲ, ಶಿಕ್ಷೆಯೂ ಅಲ್ಲ. ಮುಂದೇನು ಎಂಬ ಮಾಹಿತಿ ಅದು. ಮಾಹಿತಿಯನ್ನು ಯಾವ ಮಗುವಿನಿಂದಲೂ ಕಿತ್ತುಕೊಳ್ಳಬಾರದು.

ಬದಲಾವಣೆಯನ್ನೂ ಕ್ರಮವಾಗಿ ಕಲಿಸಬೇಕು

ಇಲ್ಲಿ ಬಹಳ ಜನ ಎಡವುತ್ತಾರೆ. ಪಟ್ಟಿಯಿಂದ ಮಗು ಶಾಂತವಾಯಿತೆಂದು ದಿನವನ್ನು ಒಂದಿಷ್ಟೂ ಕದಲದಂತೆ ಕಾಯುತ್ತಾರೆ. ಶಾಲೆಯಲ್ಲಿ ಅದು ಸಾಧ್ಯವಿಲ್ಲದ ಮಾತು. ಟೀಚರ್ ರಜೆ ಹಾಕುತ್ತಾರೆ, ಮಳೆ ಬಂದರೆ ಆಟ ನಿಲ್ಲುತ್ತದೆ, ಪ್ರತಿಭಾ ಕಾರಂಜಿಗೆ ಪಾಠಗಳೇ ನಿಲ್ಲುತ್ತವೆ. ಆದ್ದರಿಂದ ಪಟ್ಟಿ ರೂಢಿಯಾದ ಕೂಡಲೇ ಅದರೊಳಗೆ 'ಬದಲು' ಎಂಬ ಒಂದು ಕಾರ್ಡ್ ಸೇರಿಸಬೇಕು. ಬಣ್ಣ ಬೇರೆ ಇರಲಿ, ಯಾವಾಗಲೂ ಅದೇ ಬಣ್ಣ ಇರಲಿ.

ಮೊದಮೊದಲು ಆ ಕಾರ್ಡ್ ಸಿಹಿಸುದ್ದಿಯನ್ನೇ ತರಬೇಕು. ಪರಿಸರ ಪಾಠದ ಜಾಗದಲ್ಲಿ ಬದಲು ಕಾರ್ಡ್, ಅದರ ಪಕ್ಕ ಆಟದ ಚಿತ್ರ. ಆ ಬಣ್ಣ ಕಂಡರೆ ಗಾಬರಿಯಾಗುವುದಿಲ್ಲ ಎಂದು ಖಚಿತವಾದ ಮೇಲೆ, ಇಷ್ಟವೂ ಅಲ್ಲದ ಕಷ್ಟವೂ ಅಲ್ಲದ ಬದಲಾವಣೆ. ಕೊನೆಗೆ, ಇಷ್ಟದ ಕೆಲಸ ರದ್ದಾಗುವುದು. ಅದು ಮತ್ತೆ ಯಾವಾಗ ಬರುತ್ತದೆ ಎಂಬುದನ್ನೂ ಅದೇ ಪಟ್ಟಿಯಲ್ಲಿ ತೋರಿಸಬೇಕು. ಮುಂದಿನ ಸಿಆರ್‌ಸಿ ಸಭೆಯ ಗುರುವಾರ ಕಿರಣನ ಪಟ್ಟಿಯಲ್ಲಿ ಬೆಳಿಗ್ಗೆಯೇ ಬದಲು ಕಾರ್ಡ್ ಇತ್ತು, ಪಕ್ಕದ ಕೋಣೆಯ ಫೋಟೊ ಇತ್ತು, ಗಣಿತದ ಕೆಳಗೆ ಕನ್ನಡ ಇತ್ತು. ಅವನು "ಕನ್ನಡ ಆದ್ಮೇಲೆ ಗಣಿತ" ಎಂದು ಹೇಳಲಿಲ್ಲವೆಂದಲ್ಲ. ಹೇಳಿದ, ಪಟ್ಟಿ ನೋಡಿದ, ಮತ್ತೆ ಹೇಳಿದ. ಪೆನ್ಸಿಲ್ ಹಿಡಿದ. ಕೈ ಕಚ್ಚಿಕೊಳ್ಳಲಿಲ್ಲ.

ಶಾಲಾ ವಾರ್ಷಿಕೋತ್ಸವದಂಥ ದೊಡ್ಡ ಬದಲಾವಣೆಗೆ ಚಿಕ್ಕ ಚಿತ್ರಕಥೆ ಮಾಡಬಹುದು. ಅಮೆರಿಕದ ಶಿಕ್ಷಕಿ ಕ್ಯಾರೊಲ್ ಗ್ರೇ 1990ರ ದಶಕದ ಆರಂಭದಲ್ಲಿ ರೂಪಿಸಿದ ಕ್ರಮ ಇದು. ಮೈದಾನದಲ್ಲಿ ಶಾಮಿಯಾನ ಇರುತ್ತದೆ. ಮೈಕಿನ ಸದ್ದು ಜೋರಾಗಿರುತ್ತದೆ. ಬೇಡವೆನಿಸಿದರೆ ನಾನು ಗ್ರಂಥಾಲಯದ ಕೋಣೆಗೆ ಹೋಗಬಹುದು. ಹೀಗೆ ಮಗುವಿನ ಬಾಯಿಂದ ಬಂದಂತೆ ನಾಲ್ಕೈದು ವಾಕ್ಯ, ಪ್ರತಿಯೊಂದಕ್ಕೂ ಚಿತ್ರ. ಆದೇಶಗಳ ಪಟ್ಟಿ ಮಾಡಬೇಡಿ. ಏನಾಗುತ್ತದೆ ಎಂಬ ವಿವರಣೆಯೇ ಹೆಚ್ಚಿರಲಿ.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಮೂರರಿಂದ ನಾಲ್ಕನೇ ತರಗತಿಗೆ ಹೋಗುವುದು. ಅಲ್ಲಿ ಕಲಿಕಾ ಏಣಿ ಇಲ್ಲ. ಪಾಠಪುಸ್ತಕ, ಸಾಲು ಬೆಂಚು, ಬೋರ್ಡು. ಮೂರು ವರ್ಷ ಚೆನ್ನಾಗಿದ್ದ ಮಗು ಜೂನ್‌ನಲ್ಲಿ ಏಕಾಏಕಿ ಕುಸಿದರೆ ಮಗುವಿನಲ್ಲಿ ಕಾರಣ ಹುಡುಕುವ ಮೊದಲು ಗೋಡೆಯ ಮೇಲಿಂದ ಏನು ಹೋಯಿತು ಎಂದು ನೋಡಿ. ಮಾರ್ಚ್‌ನಲ್ಲೇ ಹೊಸ ಕೋಣೆಗೆ ಕರೆದೊಯ್ದು ಕೂರಿಸಿ, ಹೊಸ ಟೀಚರ್ ಫೋಟೊ ಕೊಡಿ, ಹಳೆಯ ದಿನಚರಿ ಪಟ್ಟಿಯನ್ನು ಅದೇ ರಟ್ಟಿನ ಸಮೇತ ಹೊಸ ಕೋಣೆಗೆ ಕಳಿಸಿ.

ಕುಸಿದ ಹೊತ್ತಿನಲ್ಲಿ

ಎಷ್ಟೇ ತಯಾರಿ ಮಾಡಿದರೂ ಮಗು ಕೆಲವು ದಿನ ಕುಸಿಯುತ್ತದೆ. ಬೇಕಾದದ್ದು ಪಡೆಯಲು ಅಳುವ ಮಗು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಗಮನಿಸುತ್ತದೆ, ಬೇಕಾದದ್ದು ಸಿಕ್ಕರೆ ನಿಲ್ಲಿಸುತ್ತದೆ. ಇಂದ್ರಿಯಗಳ ಭಾರದಿಂದ ಕುಸಿದ ಮಗು ನೋಡುವವರಿದ್ದರೂ ಇಲ್ಲದಿದ್ದರೂ ಒಂದೇ. ಬಯಸಿದ್ದನ್ನು ಕೊಟ್ಟರೂ ನಿಲ್ಲಿಸಲಾರದು. ಆ ಹೊತ್ತಿನಲ್ಲಿ ಬುದ್ಧಿವಾದ, ಪ್ರಶ್ನೆ, ಬೆದರಿಕೆ ಎಲ್ಲವೂ ಇನ್ನಷ್ಟು ಸದ್ದು ಮಾತ್ರ. ಒಬ್ಬರೇ ಹತ್ತಿರ ಇರಿ, ಉಳಿದ ಮಕ್ಕಳನ್ನು ದೂರ ಕಳಿಸಿ, ಮಾತು ಒಂದೆರಡು ಪದಕ್ಕೆ ಇಳಿಸಿ, ಪೆಟ್ಟಾಗುವ ವಸ್ತು ಸರಿಸಿ, ಕಾಯಿರಿ. ಕೈ ಹಿಡಿದು ಎಳೆಯಬೇಡಿ. ಶಾಂತವಾದ ಕೂಡಲೇ ಬಿಟ್ಟ ಲೆಕ್ಕ ಮುಂದಿಡಬೇಡಿ. ಅಳು ನಿಂತ ಮೇಲೂ ಮೈ ಸಮಸ್ಥಿತಿಗೆ ಬರಲು ಹೊತ್ತು ಬೇಕು.

ಮತ್ತೊಂದು ಮಾತನ್ನು ಮರೆಯಬಾರದು. ಶಾಲೆಯಲ್ಲಿ ಒಂದು ಮಾತಾಡದೆ, ಎಲ್ಲರನ್ನೂ ನೋಡಿ ಅನುಕರಿಸುತ್ತಾ ಕೂತು, ಮನೆಗೆ ಹೋದೊಡನೆ ಚೀಲ ಎಸೆದು ಗಂಟೆಗಟ್ಟಲೆ ಅಳುವ ಮಕ್ಕಳಿದ್ದಾರೆ, ಅವರಲ್ಲಿ ಹೆಣ್ಣುಮಕ್ಕಳು ಹಲವರು. ಟೀಚರ್ "ನಮ್ಮಲ್ಲಿ ಬಂಗಾರದಂಥ ಮಗು" ಎನ್ನುತ್ತಾರೆ. ತಾಯಿ ತನ್ನದೇ ತಪ್ಪೆಂದು ತಲೆತಗ್ಗಿಸುತ್ತಾಳೆ. ದಿನವಿಡೀ ತಡೆದುಕೊಂಡದ್ದು ಮನೆಯಲ್ಲಿ ಹೊರಬರುತ್ತಿದೆ ಎಂದು ಆ ತಾಯಿಗೆ ಹೇಳುವವರು ನೀವೇ ಆಗಬೇಕು. ಮನೆಯ ದಾಖಲೆಯನ್ನೂ ಶಾಲೆಯ ದಾಖಲೆಯ ಪಕ್ಕ ಇಟ್ಟು ನೋಡಿ.

ಫಲ ಸಿಕ್ಕಿತೇ ಎಂದು ಅಳೆಯುವಾಗ ಎಷ್ಟು ಸಲ ಅತ್ತ ಎಂಬುದನ್ನು ಮಾತ್ರ ಎಣಿಸಬೇಡಿ. ಶಾಂತವಾಗಲು ಎಷ್ಟು ನಿಮಿಷ ಹಿಡಿಯಿತು, ಊಟ ಮಾಡಿದನೇ, ಮಧ್ಯಾಹ್ನದ ಪಾಠಕ್ಕೆ ಕೂತನೇ, ತಾನಾಗಿ ಕಾರ್ಡ್ ತೋರಿಸಿ ಬಿಡುವು ಕೇಳಿದನೇ ಎಂಬುದನ್ನೂ ಬರೆಯಿರಿ. ಮಗು ಅಳದೆ ಮಂಕಾಗಿ ಕೂತಿದ್ದರೆ ಅದು ಗೆಲುವಲ್ಲ. ವಾರಗಳು ಕಳೆದರೂ ಬದಲಾವಣೆ ಕಾಣದಿದ್ದರೆ ಮಗುವನ್ನು ದೂರದೆ ಊಹೆಯನ್ನು ತಿದ್ದಿ. ಅಳು ಹೊಸದಾಗಿ ಶುರುವಾಗಿದ್ದರೆ ಕಿವಿನೋವು, ಹಲ್ಲುನೋವು, ಮಲಬದ್ಧತೆ ಇದೆಯೇ ಎಂದು ವೈದ್ಯರಿಂದ ನೋಡಿಸಿ. ನೋವನ್ನು ಗುರುತಿಸಿ ಹೇಳುವುದು ಈ ಮಕ್ಕಳಲ್ಲಿ ಅನೇಕರಿಗೆ ಕಷ್ಟ.

"ಒಬ್ಬನಿಗೋಸ್ಕರ ಇಡೀ ಶಾಲೆ ಬದಲಾಗಬೇಕಾ?" ಎಂದು ನಾಳೆ ಯಾವುದೋ ಸ್ಟಾಫ್ ರೂಮಿನಲ್ಲಿ ನಿಮ್ಮನ್ನು ಕೇಳುತ್ತಾರೆ. ಆಗ ಕಾನೂನು ನಿಮ್ಮ ಬೆನ್ನಿಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಅದರ 16ನೇ ಕಲಂ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಪ್ರತಿ ಮಗುವಿನ ಅಗತ್ಯಕ್ಕೆ ತಕ್ಕ ಸೂಕ್ತ ಹೊಂದಾಣಿಕೆ ಒದಗಿಸುವಂತೆ ನೋಡಿಕೊಳ್ಳಲು ಶ್ರಮಿಸಬೇಕೆಂದು ಸರ್ಕಾರಕ್ಕೂ ಸ್ಥಳೀಯ ಸಂಸ್ಥೆಗಳಿಗೂ ಹೇಳುತ್ತದೆ. ಗಂಟೆಯನ್ನು ಹತ್ತು ಮಾರು ಆಚೆ ಸರಿಸುವುದು, ಕೂರುವ ಜಾಗ ಬದಲಿಸುವುದು, ಒಂದು ರಟ್ಟಿನ ಮೇಲೆ ದಿನವನ್ನು ಬರೆದಿಡುವುದು ಅಂಥ ಹೊಂದಾಣಿಕೆಗಳೇ. ಅವನ್ನು ದಯೆಯಾಗಿ ಬೇಡಬೇಡಿ. ಮೂರು ಕಾಲಂಗಳ ನಿಮ್ಮ ದಾಖಲೆಯನ್ನು ಮೇಜಿನ ಮೇಲಿಟ್ಟು, ಆ ಮಗುವಿನ ಹಕ್ಕಾಗಿ ಕೇಳಿ.